ಥಾನಿನ ತುದಿ ಹೇಳಿದ ಲೆಕ್ಕ

ಬಟ್ಟೆಯ ಥಾನು ಎಷ್ಟು ಕಾಲದಿಂದ ಕತ್ತರಿ ಕಂಡಿಲ್ಲ ಅನ್ನೋದನ್ನ ಅದರ ತುದಿ ನೋಡಿಯೇ ಹೇಳಬಹುದು. ದಿನಾ ಓಡುವ ಥಾನಿನ ತುದಿ ನೇರವಾಗಿರುತ್ತದೆ. ಎರಡು ಮೂರು ಎಳೆ ಮಾತ್ರ ಜೋತುಬಿದ್ದಿರುತ್ತವೆ. ತಿಂಗಳುಗಟ್ಟಲೆ ಕೂತ ಥಾನಿನಲ್ಲಿ ಎಳೆಗಳು ಒಂದೊಂದಾಗಿ ಬಿಟ್ಟುಕೊಂಡು ಬೆರಳಗಲದ ಕುಚ್ಚಾಗಿರುತ್ತದೆ. ಕುಚ್ಚಿನಲ್ಲಿ ಧೂಳು ಸೇರಿ ಬೂದು ಬಣ್ಣ ಬಂದಿರುತ್ತದೆ. ಇನ್ನೂ ಹಳೆಯದಾದರೆ, ಮಡಿಕೆ ಹೊರಗೆ ಕಾಣುವ ಕಡೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಬಿದ್ದು ಉದ್ದಕ್ಕೂ ಒಂದು ಗೆರೆ ಬಣ್ಣ ಇಳಿದಿರುತ್ತದೆ. ಆ ಗೆರೆ ಬಂತು ಅಂದರೆ ಒಂದು ಪ್ಯಾಂಟಿನಷ್ಟು ಬಟ್ಟೆ ಹೋಯಿತು ಅಂತಲೇ ಲೆಕ್ಕ.

ನನ್ನದು ಚಿಕ್ಕಮಗಳೂರಿನಲ್ಲಿ ಟೈಲರ್ ಅಂಗಡಿ. ಮುಂದೆ ಕೌಂಟರ್, ಹಿಂದೆ ಹೊಲಿಗೆ ಮಷೀನುಗಳು, ಎಡಗೋಡೆ ತುಂಬ ಬಟ್ಟೆಯ ರ್‍ಯಾಕು. ಮೊದಲು ಹೊಲಿಗೆ ಮಾತ್ರ ಇತ್ತು. ಬಟ್ಟೆ ತಗೊಳ್ಳಲು ಒಂದು ಕಡೆ, ಅಳತೆ ಕೊಡಲು ಇನ್ನೊಂದು ಕಡೆ ಯಾಕೆ ಅಲೆಯಬೇಕು ಅಂತ ಗಿರಾಕಿಗಳೇ ಹೇಳುತ್ತಿದ್ದರು. ಹಾಗಾಗಿ ಲೈನಿಂಗ್, ರೂಬಿಯಾ, ಪಾಪ್ಲಿನ್‌ನಿಂದ ಶುರು ಮಾಡಿ ಆಮೇಲೆ ಶರ್ಟಿಂಗ್, ಸೂಟಿಂಗ್ ಕೂಡ ಇಟ್ಟೆ. ಹೊಲಿಗೆಯ ಲೆಕ್ಕ ಸುಲಭ. ದುಡಿದರೆ ಸಂಜೆಗೆ ಕೈಗೆ ದುಡ್ಡು. ಬಟ್ಟೆಯ ಲೆಕ್ಕ ಬೇರೆ. ಅಲ್ಲಿ ನಮ್ಮ ದುಡ್ಡು ಮೊದಲು ಹೋಗಿ ಗೋಡೆ ಮೇಲೆ ಕೂರುತ್ತದೆ. ಯಾವಾಗ ಇಳಿದು ಬರುತ್ತದೋ ಗಿರಾಕಿಗೆ ಬಿಟ್ಟದ್ದು.

ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ, ಮಳೆ ಬಿಡುವುದಿಲ್ಲ. ಯೂನಿಫಾರಂ ಗಲಾಟೆಯೂ ಅಷ್ಟರಲ್ಲಿ ಮುಗಿದಿರುತ್ತದೆ. ಪ್ರತಿ ವರ್ಷ ಆ ಬಿಡುವಿನಲ್ಲಿ ರ್‍ಯಾಕು ಪೂರ್ತಿ ಇಳಿಸಿ, ಹಲಗೆ ಒರೆಸಿ, ನುಸಿಗುಳಿಗೆ ಇಟ್ಟು ಮತ್ತೆ ಜೋಡಿಸುತ್ತೇವೆ. ಮಲೆನಾಡಿನ ಥಂಡಿಗೆ ಗೋಡೆ ಕಡೆಗಿರುವ ಬಿಳಿ ಬಟ್ಟೆಗೆ ಬೂಷ್ಟು ಬರುತ್ತದೆ, ಅದನ್ನೂ ನೋಡಬೇಕು. ಹಾಗೆ ಇಳಿಸುವಾಗ ಒಂದು ಸಲ ತುದಿಗಳ ಮೇಲೆ ಕಣ್ಣು ನಿಂತಿತು. ಸುಮ್ನೆ ಎರಡು ರಾಶಿ ಮಾಡಿದೆ. ಹೊಸ ತುದಿಯವು ಒಂದು ಕಡೆ, ಕುಚ್ಚು ಬಂದವು ಇನ್ನೊಂದು ಕಡೆ.

ಹೊಸ ತುದಿಯ ರಾಶಿ ರ್‍ಯಾಕಿನ ಕೆಳಗಿನ ಎರಡು ಸಾಲಿಗೆ ಸಾಕಾಗುವಷ್ಟು ಇತ್ತು. ಉಳಿದ ಗೋಡೆಯೆಲ್ಲ ಕುಚ್ಚಿನ ರಾಶಿ. ಕುಚ್ಚಿನ ರಾಶಿಯಲ್ಲಿ ಇದ್ದದ್ದು ಯಾವುದು ಅನ್ನೋದು ಇನ್ನೂ ಮುಖ್ಯ. ಅಂಗಡಿಯಲ್ಲಿ ದುಬಾರಿ ಅನ್ನಿಸಿಕೊಂಡ, ಮೀಟರ್‌ಗೆ ಜಾಸ್ತಿ ಲಾಭ ಬರುವ ಸೂಟಿಂಗ್‌ಗಳು ಹೆಚ್ಚಾಗಿ ಅಲ್ಲೇ ಇದ್ದವು. ಮೀಟರ್‌ಗೆ ಹತ್ತೋ ಹದಿನೈದೋ ರೂಪಾಯಿ ಉಳಿಯುವ ಲೈನಿಂಗ್, ಪಾಪ್ಲಿನ್ ಹೊಸ ತುದಿಯ ರಾಶಿಯಲ್ಲಿದ್ದವು.

ಆ ಹೊತ್ತಿಗೆ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ನಮ್ಮ ರೈಟರ್ ಸಾರ್ ಬಂದರು. ಕಾಫಿ ಎಸ್ಟೇಟಿನಲ್ಲಿ ವರ್ಷಾನುಗಟ್ಟಲೆ ಲೆಕ್ಕ ಬರೆದು ನಿವೃತ್ತರಾದವರು. ನೆಲದ ಮೇಲಿನ ಎರಡು ರಾಶಿ ನೋಡಿ ನಿಂತರು.

“ಇದೇನಪ್ಪಾ, ಅಂಗಡಿ ಖಾಲಿ ಮಾಡ್ತಾ ಇದ್ದೀಯಾ?”

“ಇಲ್ಲ ಸಾರ್, ಓಡೋದು ಯಾವುದು, ಕೂತಿರೋದು ಯಾವುದು ಅಂತ ಬೇರೆ ಮಾಡ್ತಾ ಇದ್ದೆ.”

ಅವರು ಕುಚ್ಚಿನ ರಾಶಿಯಿಂದ ಕಂದು ಬಣ್ಣದ, ಸಣ್ಣ ಗೆರೆಯ ಪಾಲಿವುಲ್ ಥಾನು ಎತ್ತಿಕೊಂಡರು. “ಇದು ಯಾವಾಗ ಬಂದದ್ದು?”

“ಹೋದ ವರ್ಷದ್ದು ಸಾರ್. ತಿಂಗಳು ಬಿಲ್ಲು ನೋಡಿ ಹೇಳಬೇಕು.”

“ಎಷ್ಟು ಮೀಟರ್ ಬಂತು, ಎಷ್ಟು ಹೋಯ್ತು?”

“ಅಳತೆ ಪುಸ್ತಕ ನೋಡಬೇಕು.”

“ನಮ್ಮ ಗೊಬ್ಬರದ ಗೋಡೌನ್‌ನಲ್ಲಿ ಒಂದೊಂದು ರಾಶಿಗೂ ಒಂದು ಕಾರ್ಡು ನೇತಾಡ್ತಿತ್ತು ಕಣಪ್ಪಾ. ಯಾವತ್ತು ಬಂತು, ಎಷ್ಟು ಚೀಲ, ಯಾವತ್ತು ಎಷ್ಟು ಹೊರಗೆ ಹೋಯ್ತು, ಉಳಿದದ್ದೆಷ್ಟು. ಪುಸ್ತಕ ತೆಗೆಯೋ ಹಾಗೇ ಇರಲಿಲ್ಲ. ಮಾಲಿನ ಹತ್ತಿರ ಹೋದರೆ ಮಾಲೇ ಹೇಳ್ತಿತ್ತು.”

ಅವತ್ತಿನಿಂದಲೇ ಚೀಟಿ ಕಟ್ಟಲು ಶುರು ಮಾಡಿದೆ. ಶರ್ಟಿನ ಡಬ್ಬದ ರಟ್ಟನ್ನು ಎರಡು ಬೆರಳಗಲಕ್ಕೆ ಕತ್ತರಿಸಿ, ತೂತು ಹೊಡೆದು, ಥಾನಿನ ಒಳಗಿನ ಕೊಳವೆಗೆ ದಾರದಿಂದ ಕಟ್ಟುವುದು. ಮೇಲೆ ಬಂದ ತಿಂಗಳು, ಬಂದ ಮೀಟರ್, ಅಸಲು. ಕೆಳಗೆ ಪ್ರತಿ ಸಲ ಕತ್ತರಿ ಹಾಕಿದಾಗ ತಾರೀಖು, ಎಷ್ಟು ಕತ್ತರಿಸಿತು, ಎಷ್ಟು ಉಳಿಯಿತು. ಅಸಲನ್ನು ಅಂಕಿಯಲ್ಲಿ ಬರೆಯುವ ಹಾಗಿಲ್ಲ, ಗಿರಾಕಿ ಓದಿಬಿಡುತ್ತಾರೆ. ಜವಳಿ ಅಂಗಡಿಗಳಲ್ಲಿ ಹತ್ತು ಅಂಕಿಗೆ ಹತ್ತು ಅಕ್ಷರ ಗೊತ್ತು ಮಾಡಿಕೊಂಡು ಬರೆಯುವ ರೂಢಿ ಹಳೆಯದು. ನಾನೂ ಹಾಗೇ ಮಾಡಿದೆ. ಪೆನ್ಸಿಲ್ಲಿನಲ್ಲಿ ಬರೆದರೆ ಒಳ್ಳೆಯದು. ಪೆನ್ನಿನ ಶಾಯಿ ಮಳೆಗಾಲದ ತೇವಕ್ಕೆ ಇಳಿದು ಬಟ್ಟೆಗೆ ಹತ್ತಬಹುದು.

ಹಳೇ ಥಾನುಗಳ ಹಿಂದಿನ ಲೆಕ್ಕ ತೆಗೆಯುವುದೇ ಕಷ್ಟದ ಕೆಲಸ ಆಯಿತು. ಅದಕ್ಕೆ ಅಳತೆ ಪುಸ್ತಕ ಸಹಾಯಕ್ಕೆ ಬಂತು. ಪ್ರತಿ ಆರ್ಡರ್ ಬರೆಯುವಾಗ ಆ ಬಟ್ಟೆಯ ಒಂದು ಚಿಕ್ಕ ತುಂಡನ್ನು ಪುಟಕ್ಕೆ ಪಿನ್ ಹೊಡೆಯುವುದು ನಮ್ಮಲ್ಲಿ ವಾಡಿಕೆ, ಹೊಲಿಯುವಾಗ ಬಟ್ಟೆ ಅದಲುಬದಲಾಗದಿರಲಿ ಅಂತ. ವರ್ಷದ ಪುಟಗಳನ್ನು ತಿರುವಿ, ಕಂದು ಗೆರೆಯ ತುಂಡು ಎಲ್ಲೆಲ್ಲಿದೆ ನೋಡಿದೆ. ಐದು ಕಡೆ ಇತ್ತು. ಐದು ಪ್ಯಾಂಟು. 58 ಇಂಚು ಪನ್ನದ ಸೂಟಿಂಗ್‌ನಲ್ಲಿ ಒಂದು ಪ್ಯಾಂಟಿಗೆ 1.20 ಮೀಟರ್ ಹಿಡಿದರೆ ಒಟ್ಟು 6 ಮೀಟರ್. ಬಿಲ್ಲಿನಲ್ಲಿ 24 ಮೀಟರ್ ಅಂತಿತ್ತು. ಕೌಂಟರ್ ಮೇಲೆ ಹರಡಿ ಮೀಟರ್ ಕೋಲಿನಲ್ಲಿ ಅಳೆದಾಗ 18 ಮೀಟರ್ ಸಿಕ್ಕಿತು. ಸರಿಹೋಯಿತು. ಬೇರೆ ಕೆಲವು ಥಾನುಗಳಲ್ಲಿ ಅರ್ಧ ಮೀಟರ್, ಮುಕ್ಕಾಲು ಮೀಟರ್ ಹೆಚ್ಚುಕಮ್ಮಿ ಬಂತು. ಉದ್ದ ಕಾಲಿನವರಿಗೆ 1.30 ಕೊಟ್ಟಿರುತ್ತೇವೆ, ಜೇಬಿಗೆ ಅಂತ ತುಂಡು ತೆಗೆದಿರುತ್ತೇವೆ. ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಮುಂದಿನ ವಾರ ಪ್ಯಾಂಟು ತಗೊಳ್ಳಲು ಬಂದ ರೈಟರ್ ಸಾರ್ ಸ್ಟೂಲು ಎಳೆದುಕೊಂಡು ಕೂತರು. ಅಂಗಡಿ ಒಟ್ಟಾರೆ ಹೇಗೆ ನಡೀತಿದೆ ನೋಡೋಣ ಅಂದರು. ಬ್ಯಾಂಕ್ ಸಾಲಕ್ಕಾಗಿ ಪ್ರತಿ ಮಾರ್ಚ್ ಕೊನೆಗೆ ಸ್ಟಾಕ್ ಪಟ್ಟಿ ಕೊಡುತ್ತಿದ್ದೆ. ಹಾಗಾಗಿ ಅಂಕಿ ಕೈಯಲ್ಲೇ ಇದ್ದವು. ಹಿಂದಿನ ಮಾರ್ಚ್‌ನಲ್ಲಿ ₹1,80,000 ಮಾಲು. ವರ್ಷದಲ್ಲಿ ತಂದದ್ದು ₹4,40,000. ಈ ಮಾರ್ಚ್‌ನಲ್ಲಿ ಉಳಿದದ್ದು ₹2,20,000. ಎಲ್ಲವೂ ಅಸಲಿನ ಲೆಕ್ಕ.

“ಮೊದಲಿದ್ದದ್ದಕ್ಕೆ ತಂದದ್ದು ಸೇರಿಸು. ಅದರಲ್ಲಿ ಉಳಿದದ್ದು ಕಳೆ. ಎಷ್ಟು ಬಂತು?”

“ನಾಲ್ಕು ಲಕ್ಷ ಸಾರ್.”

“ಅದು ನೀನು ಮಾರಿದ ಮಾಲಿನ ಅಸಲು. ಇನ್ನು ಮೊದಲಿನ ಸ್ಟಾಕು, ಕೊನೆಯ ಸ್ಟಾಕು ಕೂಡಿಸಿ ಅರ್ಧ ಮಾಡು.”

“ಎರಡು ಲಕ್ಷ.”

“ನಾಲ್ಕನ್ನ ಎರಡರಿಂದ ಭಾಗಿಸು. ಎರಡು. ವರ್ಷಕ್ಕೆ ನಿನ್ನ ಮಾಲು ಎರಡು ಸಲ ತಿರುಗಿದೆ. ಸ್ಟಾಕ್ ಟರ್ನೋವರ್ ಅಂದ್ರೆ ಇಷ್ಟೇ. ಇವತ್ತು ಥಾನಿಗೆ ಹಾಕಿದ ದುಡ್ಡು ಸರಾಸರಿ ಆರು ತಿಂಗಳು ಗೋಡೆ ಮೇಲೆ ಕೂತು ಆಮೇಲೆ ವಾಪಸ್ ಬರ್ತದೆ.”

ಮಾರಾಟದ ಮೊತ್ತ ಇಟ್ಟು ಭಾಗಿಸಿದರೆ ಆಗೋದಿಲ್ವಾ ಅಂತ ಕೇಳಿದೆ. ಆ ವರ್ಷ ಬಟ್ಟೆ ಮಾರಿ ಬಂದದ್ದು ₹5,20,000. ಹಾಗೆ ಭಾಗಿಸಿದರೆ 2.6 ಬರುತ್ತದೆ, ನೋಡಲು ಚೆನ್ನಾಗಿರುತ್ತದೆ. ಆದರೆ ಮೇಲಿನ ಅಂಕಿಯಲ್ಲಿ ಲಾಭ ಸೇರಿದೆ, ಕೆಳಗಿನದು ಬರೀ ಅಸಲು. ಬೆಲೆ ಏರಿಸಿದರೆ ಸಾಕು, ಒಂದು ಮೀಟರ್ ಜಾಸ್ತಿ ಓಡದಿದ್ದರೂ ಮಾಲು ಜೋರಾಗಿ ತಿರುಗಿದ ಹಾಗೆ ಕಾಣುತ್ತದೆ. ಎರಡೂ ಕಡೆ ಅಸಲೇ ಇರಬೇಕು.

ಆ ‘ಎರಡು’ ಅನ್ನೋ ಅಂಕಿಯನ್ನು ಇಟ್ಟುಕೊಂಡು ನಾನು ಮಾಡುವುದೇನು ಅಂತ ಬಹಳ ಯೋಚನೆ ಮಾಡಿದೆ. ಅಂಗಡಿಯಲ್ಲಿ ಆರು ತಿಂಗಳು ಕೂರುವ ಥಾನು ಹುಡುಕಿದರೆ ಸಿಗುವುದೇ ಅಪರೂಪ. ಒಂದಷ್ಟು ಒಂದೂವರೆ ತಿಂಗಳಲ್ಲಿ ಖಾಲಿ, ಒಂದಷ್ಟು ವರ್ಷ ಕಳೆದರೂ ಅಲ್ಲೇ. ಸರಾಸರಿ ಇವೆರಡನ್ನೂ ಕಲೆಸಿ ಯಾವುದಕ್ಕೂ ಹೊಂದದ ಒಂದು ಅಂಕಿ ಕೊಡುತ್ತದೆ. ಅಂಗಡಿ ಪೂರ್ತಿಯ ಲೆಕ್ಕ ಬ್ಯಾಂಕಿನವರಿಗೆ ಸಾಕು. ನನಗೆ ಬೇಕಾದದ್ದು ಥಾನು ಥಾನಿನ ಲೆಕ್ಕ. ಅದಕ್ಕೇ ಚೀಟಿಗಳ ಮೇಲೆ ನನಗೆ ಇಷ್ಟು ಪ್ರೀತಿ.

ಪಾಲಿವುಲ್ ಮತ್ತು ಲೈನಿಂಗ್ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಪಾಲಿವುಲ್ ಅಸಲು ಮೀಟರ್‌ಗೆ ₹450, ಮಾರುವ ಬೆಲೆ ₹650. ಮೀಟರ್‌ಗೆ ₹200 ಉಳಿಯುತ್ತದೆ. ವರ್ಷಕ್ಕೆ ಹೋದದ್ದು 6 ಮೀಟರ್, ಅಂದರೆ ಲಾಭ ₹1,200. 24 ಮೀಟರ್‌ನಿಂದ 18ಕ್ಕೆ ಇಳಿದಿದೆ. ಸರಾಸರಿ 21 ಮೀಟರ್ ಕೂತಿತ್ತು ಅಂತ ಹಿಡಿದರೆ ನನ್ನ ₹9,450 ಅದರಲ್ಲಿ ಸಿಕ್ಕಿಕೊಂಡಿತ್ತು. ನೂರು ರೂಪಾಯಿಗೆ ವರ್ಷಕ್ಕೆ ಹದಿಮೂರು ರೂಪಾಯಿ ಸಹ ಬರಲಿಲ್ಲ. ಬ್ಯಾಂಕಿನ ಬಡ್ಡಿ ಕಟ್ಟಿದ ಮೇಲೆ ಅದರಲ್ಲಿ ಉಳಿಯುವುದು ಬಹಳ ಕಡಿಮೆ. ಇದೇ ವೇಗದಲ್ಲಿ ಹೋದರೆ ಉಳಿದ 18 ಮೀಟರ್ ಮುಗಿಯಲು ಇನ್ನೂ ಮೂರು ವರ್ಷ ಬೇಕು.

ಕಾಟನ್ ಲೈನಿಂಗ್ ಅಸಲು ₹42, ಮಾರುವುದು ₹55. ಮೀಟರ್‌ಗೆ ಹದಿಮೂರೇ ರೂಪಾಯಿ. ತಿಂಗಳಿಗೆ ಸುಮಾರು 50 ಮೀಟರ್ ಹೋಗುತ್ತದೆ, ವರ್ಷಕ್ಕೆ 600. ಎಲ್ಲಾ ಬಣ್ಣ ಸೇರಿ ರ್‍ಯಾಕಿನಲ್ಲಿ ಇರುವುದು ಸರಾಸರಿ 60 ಮೀಟರ್, ಅಂದರೆ ₹2,520. ವರ್ಷಕ್ಕೆ ಹತ್ತು ಸಲ ತಿರುಗುತ್ತದೆ. ಲಾಭ ₹7,800. ಅಂದರೆ ಪಾಲಿವುಲ್‌ಗೆ ಹಾಕಿದ ದುಡ್ಡಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡು ಲೈನಿಂಗ್‌ನಲ್ಲಿದೆ, ಅದು ಆರು ಪಟ್ಟಿಗಿಂತ ಜಾಸ್ತಿ ದುಡಿದಿದೆ. ಮೀಟರ್‌ಗೆ ಎಷ್ಟು ಉಳಿಯುತ್ತದೆ ಅನ್ನೋ ಪ್ರಶ್ನೆಯನ್ನು ನಾನು ಆವತ್ತಿಗೆ ಬಿಟ್ಟೆ. ಇದರಲ್ಲಿ ಹಾಕಿದ ನೂರು ರೂಪಾಯಿ ವರ್ಷಕ್ಕೆ ಎಷ್ಟು ತರುತ್ತದೆ ಅಂತ ಕೇಳುವುದು ಸರಿ ಅನ್ನಿಸಿತು.

ಹಾಗಂತ ಸೂಟಿಂಗ್ ಎಲ್ಲ ತೆಗೆದು ಗೋಡೆ ತುಂಬ ಲೈನಿಂಗ್ ಇಟ್ಟರೆ ಆಗುತ್ತದಾ? ಇಲ್ಲ. ಲೈನಿಂಗ್ ಓಡುವುದು ಬ್ಲೌಸ್ ಹೊಲಿಸುವವರು ಇರುವಷ್ಟೇ. ತಿಂಗಳಿಗೆ 50 ಮೀಟರ್ ಬೇಕಾಗುವ ಕಡೆ 300 ಮೀಟರ್ ಇಟ್ಟರೆ 50ಕ್ಕಿಂತ ಒಂದು ಮೀಟರ್ ಕೂಡ ಜಾಸ್ತಿ ಹೋಗುವುದಿಲ್ಲ. ಹತ್ತು ಸಲ ತಿರುಗುತ್ತಿದ್ದ ಮಾಲು ಎರಡು ಸಲಕ್ಕೆ ಇಳಿಯುತ್ತದೆ. ಓಡುವ ಮಾಲು ಓಡುತ್ತಿರುವುದು ಅದು ಕಡಿಮೆ ಇರುವುದರಿಂದಲೂ ಹೌದು.

ಇನ್ನೊಂದು ಕಡೆಯ ಮಿತಿಯೂ ಇದೆ. ಅದು ಟೈಲರ್‌ಗೆ ಬರೀ ಬಟ್ಟೆ ಅಂಗಡಿಯವರಿಗಿಂತ ಜಾಸ್ತಿ ತಾಗುತ್ತದೆ. ರೂಬಿಯಾದಲ್ಲಿ ಶೇಡ್ ಕಾರ್ಡಿನ ಉದ್ದಕ್ಕೂ ಬಣ್ಣಗಳಿವೆ. ಮೆರೂನ್, ಬಾಟಲ್ ಗ್ರೀನ್, ಕಪ್ಪು, ಕೆನೆ ಬಣ್ಣ, ಇವು ನಿಲ್ಲುವುದೇ ಇಲ್ಲ. ನವಿಲು ನೀಲಿ, ಈರುಳ್ಳಿ ಬಣ್ಣ ತಿಂಗಳಿಗೆ ಒಂದು ಬ್ಲೌಸಿಗೆ ಹೋದರೆ ಹೆಚ್ಚು. ಚೀಟಿ ನೋಡಿದರೆ ಇವುಗಳನ್ನು ತೆಗೆದುಬಿಡು ಅನ್ನುತ್ತದೆ. ಆದರೆ ಮದುವೆ ಮನೆಯ ಅಕ್ಕ ಐದು ಸೀರೆ ತಂದಿರುತ್ತಾರೆ, ಅದರಲ್ಲಿ ಒಂದು ನವಿಲು ನೀಲಿ. ಆ ಬಣ್ಣ ಇಲ್ಲ ಅಂದರೆ ಒಂದು ಬ್ಲೌಸ್ ಮಾತ್ರ ಬೇರೆ ಕಡೆ ಹೋಗುವುದಿಲ್ಲ. ಐದೂ ಸೀರೆ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ನನ್ನ ಕೈತಪ್ಪುವುದು ಐದು ಹೊಲಿಗೆಯ ದುಡ್ಡು. ಹಾಗಾಗಿ ಕಡಿಮೆ ಓಡುವ ಬಣ್ಣಗಳನ್ನು ಬಿಡಲಿಲ್ಲ, ಹತ್ತು ಮೀಟರ್ ಬದಲು ಮೂರು ಮೀಟರ್ ಇಡುವ ಹಾಗೆ ಮಾಡಿದೆ. ಮೂರು ಬ್ಲೌಸಿಗೆ ಸಾಕು. ಪಾಲಿವುಲ್‌ಗೆ ಈ ಮಾತು ಹೊಂದುವುದಿಲ್ಲ. ಕಂದು ಗೆರೆಯದು ಇಲ್ಲದಿದ್ದರೆ ಗಿರಾಕಿ ಪಕ್ಕದ ಕಡುನೀಲಿಯನ್ನೇ ಆರಿಸುತ್ತಾರೆ, ಹೊಲಿಗೆ ನನ್ನಲ್ಲೇ ಉಳಿಯುತ್ತದೆ. ಒಂದು ಥಾನು ಇಲ್ಲದಿದ್ದರೆ ಗಿರಾಕಿ ಅಂಗಡಿಯೊಳಗೇ ಬೇರೆಯದನ್ನು ಆರಿಸುತ್ತಾರಾ, ಬಾಗಿಲು ದಾಟುತ್ತಾರಾ ಅನ್ನೋದನ್ನ ಚೀಟಿ ಹೇಳುವುದಿಲ್ಲ. ಅದಕ್ಕಾಗಿ ಅಳತೆ ಪುಸ್ತಕದ ಕೊನೆ ಪುಟದಲ್ಲಿ ಒಂದು ಪಟ್ಟಿ ಇಟ್ಟೆ. ಕೇಳಿದರು, ಇರಲಿಲ್ಲ, ಹೋದರು. ಅಷ್ಟೇ ಬರೆಯುವುದು.

ಸೀಸನ್ ಮಾಲನ್ನು ಬೇರೆಯಾಗಿ ನೋಡಬೇಕು. ಯೂನಿಫಾರಂ ಬಟ್ಟೆ ಏಪ್ರಿಲ್‌ನಲ್ಲಿ ಬಂದು ಜೂನ್ ಹೊತ್ತಿಗೆ ಹೋಗುತ್ತದೆ. ಕಪ್ಪು ಪಾಪ್ಲಿನ್ ವರ್ಷವೆಲ್ಲ ನಿಧಾನ, ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕುವವರು ಬರಲು ಶುರುವಾದರೆ ಒಂದೇ ಸಮ ಕತ್ತರಿಸುವುದು. ಕಾಫಿ ಕೊಯ್ಲು ಮುಗಿದು ಬೆಳೆಗಾರರ ಕೈಗೆ ದುಡ್ಡು ಬಂದ ಮೇಲೆ, ಫೆಬ್ರವರಿಯಿಂದ ಮದುವೆಗಳ ಜೊತೆ ಸೂಟಿಂಗ್ ಎದ್ದು ನಿಲ್ಲುತ್ತದೆ. ಇವುಗಳನ್ನು ಆಗಸ್ಟ್‌ನಲ್ಲಿ ನೋಡಿ ಕೂತ ಮಾಲು ಅನ್ನುವುದು ಸರಿಯಲ್ಲ. ಅವುಗಳ ಸೀಸನ್ ಮುಗಿದ ದಿನ ಎಷ್ಟು ಉಳಿದಿದೆ ಅನ್ನೋದೇ ನೋಡಬೇಕಾದ್ದು. ಯೂನಿಫಾರಂ ವಿಷಯದಲ್ಲಂತೂ ಇದು ಬಹಳ ಮುಖ್ಯ. ಶಾಲೆಯವರು ಮುಂದಿನ ವರ್ಷ ಚೆಕ್ಸ್ ಬದಲಾಯಿಸಿದರೆ ಉಳಿದ ಮೀಟರ್‌ಗೆ ಗಿರಾಕಿಯೇ ಇರುವುದಿಲ್ಲ. ಪಾಲಿವುಲ್ ಎರಡು ಮದುವೆ ಸೀಸನ್‌ಗಳನ್ನು ನೋಡಿಯೂ ಕೂತಿತ್ತು. ಅದಕ್ಕೇ ಅದು ನಿಜವಾದ ಕೂತ ಮಾಲು.

ಹಾಗಾದರೆ ಅದನ್ನು ಏನು ಮಾಡುವುದು? ಮೊದಲು ಜಾಗ ಬದಲಾಯಿಸಿದೆ. ಮೇಲಿನ ಸಾಲಿನಿಂದ ಇಳಿಸಿ, ಕೌಂಟರ್ ಹತ್ತಿರ ಕೆನೆ ಬಣ್ಣದ ಶರ್ಟಿಂಗ್ ಜೊತೆ ಇಟ್ಟೆ. ಸ್ವಲ್ಪ ಹೋಯಿತು, ಜಾಸ್ತಿ ಇಲ್ಲ. ಮನಸ್ಸು ಮಾಡಿ ಬೆಲೆ ಇಳಿಸುವ ಹೊತ್ತು ಬಂದಾಗ ಕಷ್ಟ ಅನ್ನಿಸಿದ್ದು ಅಸಲಿನ ಕೆಳಗೆ ಹೋಗುವುದು. ₹450 ಕೊಟ್ಟು ತಂದದ್ದನ್ನು ₹400ಕ್ಕೆ ಕೊಡುವುದು ಅಂದರೆ ಕೈ ಬರುವುದಿಲ್ಲ. ರೈಟರ್ ಸಾರ್ ಹೇಳಿದ್ದು ಇಷ್ಟೇ: “ಆ ನಾನೂರೈವತ್ತು ಹೋಗಿ ಆಯ್ತಪ್ಪಾ. ಇವತ್ತು ಅದನ್ನ ಮಾರಿದ್ರೆ ಎಷ್ಟು ಬರ್ತದೆ, ಬಂದದ್ದರಲ್ಲಿ ಏನು ಮಾಡ್ತೀಯಾ, ಅದನ್ನ ಹೇಳು.”

ಏನು ಮಾಡುವುದು ಅನ್ನೋದಕ್ಕೆ ಉತ್ತರ ನನ್ನ ಬಿಲ್ಲುಗಳಲ್ಲೇ ಇತ್ತು. ಬೆಂಗಳೂರಿನ ಚಿಕ್ಕಪೇಟೆಯ ಸಗಟು ಅಂಗಡಿಯಿಂದ ಮಾಲು ತರುವುದು. ಸಾಲಕ್ಕೆ ತಂದರೆ ಪೂರ್ತಿ ಬಿಲ್ಲು. ಕೈಯಲ್ಲಿ ದುಡ್ಡು ಕೊಟ್ಟರೆ ನೂರಕ್ಕೆ ನಾಲ್ಕು ಬಿಡುತ್ತಾರೆ. ₹30,000 ಬಿಲ್ಲಿಗೆ ₹1,200 ಉಳಿಯಿತು. ಪಾಲಿವುಲ್ ಇಡೀ ವರ್ಷ ಗೋಡೆ ಮೇಲೆ ಕೂತು ಕೊಟ್ಟದ್ದು ಇಷ್ಟೇ. ಒಂದು ಥಾನು ಮಾರಿದರೆ ₹30,000 ಆಗುವುದಿಲ್ಲ ನಿಜ. ಆದರೆ ಕುಚ್ಚಿನ ರಾಶಿಯಲ್ಲಿ ಅಂಥ ಥಾನುಗಳು ಸಾಕಷ್ಟಿದ್ದವು. ಅವುಗಳಿಂದ ಬಿಡಿಸಿಕೊಂಡ ದುಡ್ಡು ಒಂದು ಬಿಲ್ಲಿಗೆ ಹೋಗಿ, ಆ ಮಾಲು ಮಾರಿ ವಾಪಸ್ ಬಂದು, ಮತ್ತೊಂದು ಬಿಲ್ಲಿಗೆ ಹೋಗುತ್ತದೆ. ಪ್ರತಿ ಸಲ ನಾಲ್ಕು ಪರ್ಸೆಂಟ್ ಉಳಿಯುತ್ತದೆ.

ಪಾಲಿವುಲ್‌ನಲ್ಲಿ ಉಳಿದದ್ದನ್ನು 1.30 ಮೀಟರ್‌ನ ಪ್ಯಾಂಟ್ ಪೀಸುಗಳಾಗಿ ಕತ್ತರಿಸಿ, ಮಡಚಿ, ಇಸ್ತ್ರಿ ಮಾಡಿ ಗಾಜಿನ ಕಪಾಟಿನಲ್ಲಿ ಇಟ್ಟೆ. ಬಟ್ಟೆ, ಹೊಲಿಗೆ ಸೇರಿ ಒಂದೇ ಬೆಲೆ. ಪೀಸಾಗಿ ಇಟ್ಟ ಬಟ್ಟೆಯನ್ನು ಗಿರಾಕಿ ಕೈಗೆ ತಗೊಂಡು ನೋಡುತ್ತಾರೆ, ಥಾನನ್ನು ಇಳಿಸಿ ತೋರಿಸಿ ಅಂತ ಕೇಳಲು ಹಿಂಜರಿಯುತ್ತಾರೆ. ಇದು ನನಗೆ ಹೊಸ ವಿಷಯ. ಬಣ್ಣ ಇಳಿದ ಗೆರೆ ಇದ್ದ ಹೊರಸುತ್ತಿನ ಒಂದು ಮೀಟರ್ ಬೇರೆ ಇಟ್ಟು, ಅದರಲ್ಲಿ ಗೆರೆ ತಪ್ಪಿಸಿ ಮಕ್ಕಳ ವೇಸ್ಟ್‌ಕೋಟ್ ಹೊಲಿದೆವು. ಆದರೆ ಪೀಸು ಮಾಡುವ ಮೊದಲು ಯೋಚನೆ ಮಾಡಬೇಕು. ಒಂದು ಸಲ ಕತ್ತರಿಸಿದ ಮೇಲೆ ಪೂರ್ತಿ ಸೂಟಿಗೆ ಅದೇ ಬಟ್ಟೆ ಬೇಕು ಅಂತ ಬಂದವರಿಗೆ ಕೊಡಲು ಆಗುವುದಿಲ್ಲ. ಸೂಟು ಕೇಳುವ ಬಟ್ಟೆಯಾದರೆ ನಾನು ಸುಮಾರು ಮೂರೂವರೆ ಮೀಟರ್ ಹಾಗೇ ಬಿಟ್ಟು ಉಳಿದದ್ದನ್ನು ಪೀಸು ಮಾಡುತ್ತೇನೆ.

ಮುಂದಿನ ಮಾರ್ಚ್‌ಗೆ ಉಳಿದ ಮಾಲು ₹1,55,000ಕ್ಕೆ ಇಳಿದಿತ್ತು. ಮಾರಿದ ಮಾಲಿನ ಅಸಲು ₹4,12,500, ಅಂದರೆ ಹಿಂದಿನ ವರ್ಷಕ್ಕಿಂತ ಸ್ವಲ್ಪ ಜಾಸ್ತಿಯೇ. ಎರಡು ಮಾರ್ಚ್‌ಗಳ ಸರಾಸರಿ ₹1,87,500. ಭಾಗಿಸಿದರೆ 2.2. ಆ ವರ್ಷ ಮಾರ್ಚ್ ಮಾತ್ರ ಅಲ್ಲದೆ ಮೂರು ತಿಂಗಳಿಗೊಮ್ಮೆ ಮಾಲು ಎಣಿಸಿದ್ದೆ. ನಾಲ್ಕು ಎಣಿಕೆಯ ಸರಾಸರಿ ₹1,65,000. ಅದರಿಂದ ಭಾಗಿಸಿದರೆ 2.5 ಬರುತ್ತದೆ. ವ್ಯತ್ಯಾಸಕ್ಕೆ ಕಾರಣ ಇದೆ. ಮಾರ್ಚ್ ಅಂದರೆ ಮದುವೆ ಸೀಸನ್, ನಮ್ಮ ರ್‍ಯಾಕು ತುಂಬಿರುವ ಕಾಲ. ಆಷಾಢದಲ್ಲಿ ಎಣಿಸಿದರೆ ಅದೇ ಅಂಗಡಿ ಖಾಲಿ ಖಾಲಿ ಕಾಣುತ್ತದೆ. ಒಂದೇ ತಿಂಗಳ ಎಣಿಕೆ ನಂಬಿದರೆ ಲೆಕ್ಕ ಆ ತಿಂಗಳ ಕಡೆ ವಾಲುತ್ತದೆ. ಹಿಂದಿನ ವರ್ಷದ 2ಕ್ಕೆ ಹೋಲಿಸುವುದಾದರೆ 2.2 ಅನ್ನೇ ಇಡಬೇಕು, ಎರಡೂ ಒಂದೇ ರೀತಿ ಎಣಿಸಿದ ಅಂಕಿಗಳು. ಇನ್ನು ಮುಂದಕ್ಕೆ ನಾಲ್ಕು ಎಣಿಕೆಯದ್ದೇ ಇಟ್ಟುಕೊಳ್ಳುತ್ತೇನೆ.

ಮಾಲು ತರುವ ರೀತಿಯೂ ಇದರಿಂದ ಬದಲಾಯಿತು. ಇತ್ತೀಚೆಗೆ ಏಜೆಂಟ್ ಬಂದು ಕೌಂಟರ್ ಮೇಲೆ ಸ್ಯಾಂಪಲ್ ಪುಸ್ತಕ ಬಿಚ್ಚಿದ. ಬೂದು ಬಣ್ಣದ ಚೆಕ್ಸ್ ಸೂಟಿಂಗ್, ಬಟ್ಟೆ ಚೆನ್ನಾಗಿತ್ತು.

“ಅಣ್ಣಾ, ಪೂರ್ತಿ ಥಾನು ತಗೊಂಡ್ರೆ ಮೀಟರ್‌ಗೆ ನಾನೂರು. ಕತ್ತರಿಸಿ ಕೊಡಬೇಕು ಅಂದ್ರೆ ನಾನೂರಿಪ್ಪತ್ತು. ಮೂವತ್ತು ಮೀಟರ್‌ಗೆ ಆರುನೂರು ಉಳಿಯುತ್ತೆ, ಪೂರ್ತಿ ತಗೊಳ್ಳಿ.”

ಇಂಥ ಚೆಕ್ಸ್ ಹಿಂದೆ ಎರಡು ಸಲ ತಂದಿದ್ದೆ. ಅವುಗಳ ಹಳೇ ಚೀಟಿಗಳನ್ನು ಡಬ್ಬದಿಂದ ತೆಗೆದು ನೋಡಿದೆ. ತಿಂಗಳಿಗೆ ಸರಾಸರಿ ಎರಡು ಮೀಟರ್. ಹಾಗಾದರೆ 30 ಮೀಟರ್ ಮುಗಿಯಲು ಹದಿನೈದು ತಿಂಗಳು, ಮಧ್ಯೆ ಒಂದು ಪೂರ್ತಿ ಮಳೆಗಾಲ. ₹12,000 ಹಾಕಬೇಕು. 12 ಮೀಟರ್ ತಂದರೆ ₹5,040, ಆರು ತಿಂಗಳಲ್ಲಿ ಖಾಲಿ. ಆ 12 ಮೀಟರ್‌ಗೆ ನಾನು ಜಾಸ್ತಿ ಕೊಡುವುದು ₹240. ಬದಲಿಗೆ ₹6,960 ನನ್ನ ಕೈಯಲ್ಲೇ ಉಳಿಯುತ್ತದೆ, ಅದನ್ನು ಚಿಕ್ಕಪೇಟೆಯ ಬಿಲ್ಲಿಗೆ ಕ್ಯಾಶ್ ಕೊಟ್ಟರೆ ಒಂದು ಸುತ್ತಿಗೇ ₹278 ಬಿಡುತ್ತಾರೆ. ಓಡಿದರೆ ಇನ್ನೊಮ್ಮೆ ತರಿಸಬಹುದು, ಪಾರ್ಸೆಲ್ ಬರಲು ಎರಡು ಮೂರು ದಿನ ಸಾಕು. ಅದೇ ಚೆಕ್ಸ್ ಮತ್ತೆ ಸಿಗದೇ ಹೋಗಬಹುದು, ಅದನ್ನೂ ಯೋಚಿಸಿದೆ. ಚೆಕ್ಸ್‌ನಲ್ಲಿ ಹೊಸದು ಬಂದರೂ ಗಿರಾಕಿಗೆ ಬೇಜಾರಿಲ್ಲ, ಅದೇ ಬೇಕು ಅಂತ ಹಟ ಹಿಡಿಯುವವರು ಕಡಿಮೆ.

“ಹನ್ನೆರಡು ಮೀಟರ್ ಹಾಕಪ್ಪಾ,” ಅಂದೆ.

“ಅಣ್ಣಾ, ರೇಟು ನಾನೂರಿಪ್ಪತ್ತೇ ಆಗುತ್ತೆ.”

“ಆಗಲಿ.”

ಅವನು ಬಿಲ್ಲು ಬರೆದ. ನಾನು ಒಳಗಿನಿಂದ ರಟ್ಟು ತಂದು ಹೊಸ ಚೀಟಿ ಕತ್ತರಿಸಿದೆ.